ಕ್ಯಾಪ್ಟನ್ ಬಾಯಲ್ಲಿ ‘ನಹಿ’: ಒಂದು ಸ್ಕ್ರೀನ್‌ಶಾಟ್ ಬಿಡಿಸಿ ಹೇಳಿದ್ದು

ಬೆಂಗಳೂರಿಗೆ ಕೆಲಸಕ್ಕೆ ಬಂದವರಿಗೆ ನಾನು ಮಾತಾಡುವ ಕನ್ನಡ ಕಲಿಸುತ್ತೇನೆ. ವಾರಕ್ಕೆ ಎರಡು ಸಂಜೆ ತರಗತಿ. ಉಳಿದ ದಿನಗಳಲ್ಲಿ ಕಲಿಯುವವರು ವಾಟ್ಸಾಪ್‌ನಲ್ಲಿ ಏನಾದರೂ ಕೇಳುತ್ತಿರುತ್ತಾರೆ. ಹೆಚ್ಚಾಗಿ ಬರುವುದು ಒಂದು ಸ್ಕ್ರೀನ್‌ಶಾಟ್, ಅದರ ಕೆಳಗೆ ಒಂದೇ ಸಾಲು: “ಸರ್, ಇದರ ಅರ್ಥ ಏನು?”

2023ರ ಮೇ ತಿಂಗಳಲ್ಲಿ ಲಖನೌ ಕಡೆಯ ಒಬ್ಬ ಹುಡುಗಿ ಕಳಿಸಿದ್ದು ನನಗೆ ಚೆನ್ನಾಗಿ ನೆನಪಿದೆ. ಮೀಮ್‌ನ ಮೇಲ್ಭಾಗದಲ್ಲಿ ‘ಮ್ಯಾನೇಜರ್: ಶುಕ್ರವಾರ ರಿಲೀಸ್ ಪಕ್ಕಾ ಅಲ್ವಾ?’ ಎಂದು ಇಂಗ್ಲಿಷಿನಲ್ಲಿತ್ತು. ಕೆಳಗೆ ಆರ್‌ಸಿಬಿ ಅಂಗಿ ತೊಟ್ಟ ಫಾಫ್ ಡುಪ್ಲೆಸಿ ಫೋಟೊ, ಅದರಡಿ ದಪ್ಪ ಅಕ್ಷರದಲ್ಲಿ Ee sala cup nahi. ಆಕೆಯ ಆಫೀಸಿನ ತಂಡದ ಗುಂಪಿನಲ್ಲಿ ಯಾರೋ ಹಾಕಿದ್ದರು.

ಉತ್ತರ ಬರೆಯುವ ಮೊದಲು ನಾನು ಒಂದು ಕೆಲಸ ಮಾಡುತ್ತೇನೆ: ಕತ್ತರಿಸದ ಚಿತ್ರ ಕೇಳುತ್ತೇನೆ. ಜನ ಮೀಮ್ ಇರುವಷ್ಟು ಭಾಗ ಮಾತ್ರ ಕತ್ತರಿಸಿ ಕಳಿಸುತ್ತಾರೆ, ನನಗೆ ಬೇಕಾದದ್ದು ಅದರ ಸುತ್ತ ಇರುವುದು. ಯಾರು ಹಾಕಿದ್ದು, ಯಾವತ್ತು, ಎಷ್ಟು ಗಂಟೆಗೆ, ಕೆಳಗೆ ಯಾರು ನಕ್ಕಿದ್ದಾರೆ. ಆಕೆ ಪೂರ್ತಿ ಚಿತ್ರ ಕಳಿಸಿದ ಮೇಲೆ ಅರ್ಧ ಉತ್ತರ ಅಲ್ಲೇ ಸಿಕ್ಕಿತು. ಹಾಕಿದವನು ಬೆಂಗಳೂರಿನ ಹುಡುಗ, ಅವನ ಡಿಪಿಯಲ್ಲೇ ಆರ್‌ಸಿಬಿ ಬಾವುಟ. ಮ್ಯಾನೇಜರ್ ಕೂಡ ನಗುವ ಮುಖ ಒತ್ತಿ, Mundina sala pakka ಎಂದು ಬರೆದಿದ್ದರು.

ಇನ್ನು ಕೇಳಿದವಳ ಕಿವಿಗೆ ಈ ಸಾಲು ಹೇಗೆ ಬಿದ್ದಿರಬಹುದು ಎಂದು ಯೋಚಿಸಬೇಕು. ಹಿಂದಿಯವರಿಗೆ ಈ ಮೀಮ್‌ನ ತೊಡಕೇ ಬೇರೆ. ಅವರಿಗೆ ಇದು ಅರ್ಥವಾಗದ ಭಾಷೆಯ ಹಾಗೆ ಕಾಣುವುದಿಲ್ಲ, ಅರೆಬರೆ ಹಿಂದಿಯ ಹಾಗೆ ಕಾಣುತ್ತದೆ. ನಮ್ಮ ‘ಸಲ’ವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ sala. ಹಿಂದಿಯಲ್ಲಿ ‘ಸಾಲಾ’ ಎಂದರೆ ಹೆಂಡತಿಯ ಅಣ್ಣ ಅಥವಾ ತಮ್ಮ, ಸಿಟ್ಟಿನಲ್ಲಿ ಅಂದರೆ ಬೈಗುಳ. ‘ಸಾಲ್’ ಎಂದರೆ ವರ್ಷ. ಹಾಗಾಗಿ ಒಬ್ಬರಿಗೆ ಇದು ಬೈಗುಳ, ಇನ್ನೊಬ್ಬರಿಗೆ ‘ಈ ವರ್ಷ ಕಪ್ ಇಲ್ಲ’. ಎರಡನೆಯವರು ತಪ್ಪು ದಾರಿಯಲ್ಲಿ ಹೋಗಿ ಸರಿಯಾದ ಊರು ಸೇರುತ್ತಾರೆ, ಆದರೂ ನಗು ಅವರಿಗೆ ಸಿಗುವುದಿಲ್ಲ. (ಕನ್ನಡ ಓದಲು ಈಗಷ್ಟೇ ಶುರು ಮಾಡಿದವರು ಅದನ್ನೇ ‘ಈ ಸಾಲ’ ಎಂದು ಓದಿ, ಬ್ಯಾಂಕಿನ ಸಾಲ ಅಂದುಕೊಂಡದ್ದೂ ಇದೆ.)

ನಾನು ಬರೆದ ಉತ್ತರ ಇಷ್ಟೇ:

“ಇದು ಬೈಗುಳ ಅಲ್ಲ, ನಿಮ್ಮ ಮೇಲೂ ಅಲ್ಲ. ‘ಶುಕ್ರವಾರಕ್ಕೆ ನಮ್ಮ ಕೈಲಿ ಆಗಲ್ಲ’ ಅಂತ ಮ್ಯಾನೇಜರ್‌ಗೆ ನಗುನಗುತ್ತಾ ಹೇಳಿದ್ದಾನೆ. ಆರ್‌ಸಿಬಿ ಅಭಿಮಾನಿಗಳ ಘೋಷಣೆ ‘ಈ ಸಲ ಕಪ್ ನಮ್ದೇ’, ಅಂದರೆ ಈ ಬಾರಿ ಕಪ್ ಖಂಡಿತ ನಮ್ಮದು. ಈ ವರ್ಷ ಕ್ಯಾಪ್ಟನ್ ಡುಪ್ಲೆಸಿ ಅದನ್ನು ಹೇಳಲು ಹೋಗಿ ‘ನಮ್ದೇ’ ಬದಲು ‘ನಹಿ’ ಅಂದುಬಿಟ್ಟರು. ಗೆಲ್ಲುತ್ತೇವೆ ಅನ್ನಬೇಕಾದ ಕ್ಯಾಪ್ಟನ್ನೇ, ಅದೂ ನಿಮ್ಮ ಹಿಂದಿಯಲ್ಲಿ, ಇಲ್ಲ ಅಂದ ಹಾಗಾಯಿತು. ಪಕ್ಕದಲ್ಲಿದ್ದ ಕೊಹ್ಲಿ ನಕ್ಕುಬಿಟ್ಟರು. ನೀವೂ ನಗುವ ಮುಖ ಹಾಕಬಹುದು.”

ಮೊದಲ ಸಾಲಿನಲ್ಲಿ ‘ಬೈಗುಳ ಅಲ್ಲ’ ಎಂದು ಬರೆದದ್ದು ಬೇಕೆಂದೇ. ‘ಇದರ ಅರ್ಥ ಏನು’ ಎಂದು ಅಷ್ಟೇ ಕೇಳುವವರ ಮನಸ್ಸಿನಲ್ಲಿ ಮೂರು ಪ್ರಶ್ನೆ ಇರುತ್ತವೆ. ಇದು ನನ್ನನ್ನು ಕುರಿತದ್ದಾ? ಎಲ್ಲರೂ ಯಾಕೆ ನಗುತ್ತಿದ್ದಾರೆ? ನಾನೀಗ ಏನು ಮಾಡಬೇಕು? ಬಾಯಿಬಿಟ್ಟು ಕೇಳಲು ಸಂಕೋಚ, ಅದಕ್ಕೇ ಪದದ ಅರ್ಥ ಕೇಳುತ್ತಾರೆ. ಇತಿಹಾಸದಿಂದ ಶುರು ಮಾಡಿದರೆ ಆ ಮೊದಲ ಆತಂಕ ಇಳಿಯುವವರೆಗೂ ಉಳಿದದ್ದು ತಲೆಗೆ ಹೋಗುವುದಿಲ್ಲ. ಆಕೆ ಆಮೇಲೆ ಬರೆದಳು, “ಸಾಲಾ ನೋಡಿ ಗಾಬರಿ ಆಗಿತ್ತು ಸರ್.”

ನಾನು ಇದನ್ನು ಕಲಿತದ್ದು ತಪ್ಪು ಮಾಡಿಯೇ. ಅದಕ್ಕೂ ಮುಂಚಿನ ಒಂದು ವರ್ಷ, ಮೂಲ ಘೋಷಣೆಯ ಸ್ಕ್ರೀನ್‌ಶಾಟ್ ಕಳಿಸಿ ಇನ್ನೊಬ್ಬ ಹುಡುಗ ಇದೇ ಪ್ರಶ್ನೆ ಕೇಳಿದ್ದ. ನಾನು ಪದಪದವಾಗಿ ಹೇಳಿದೆ: ಈ ಅಂದರೆ ಇದು, ಸಲ ಅಂದರೆ ಬಾರಿ, ನಮ್ದೇ ಅಂದರೆ ನಮ್ಮದೇ. ಎಲ್ಲವೂ ಸರಿ. ಆದರೆ ಹಿಂದಿನ ರಾತ್ರಿ ಆರ್‌ಸಿಬಿ ಸೋತಿತ್ತು, ಘೋಷಣೆ ಹಾಕಿದವನು ಚೆನ್ನೈ ಅಭಿಮಾನಿ, ಹಾಕಿದ್ದು ಕೆಣಕಲು. ಹುಡುಗ ನನ್ನ ಅರ್ಥ ನಂಬಿ, ಗುಂಪಿನಲ್ಲಿ ಎಲ್ಲರಿಗೂ ಅಭಿನಂದನೆ ಹೇಳಿಬಿಟ್ಟ. ಸೋತು ಕೂತವರಿಗೆ ಅದು ಉಪ್ಪು ಸವರಿದ ಹಾಗಾಯಿತು. ಅವನು ನನ್ನ ಹತ್ತಿರ ಬಂದು “ನೀವು ಹೇಳಿದ ಅರ್ಥ ಸರಿ ಇರಲಿಲ್ಲವಾ ಸರ್?” ಎಂದು ಕೇಳಿದಾಗ ನನಗೆ ನಿಜಕ್ಕೂ ಬೇಜಾರಾಯಿತು. ಅರ್ಥ ಸರಿ ಇತ್ತು, ಯಾರು ಯಾರಿಗೆ ಹೇಳಿದ್ದು ಅನ್ನುವುದನ್ನು ನಾನು ನೋಡಿರಲಿಲ್ಲ. ಇದೇ ಸಾಲು ನಮ್ಮವನ ಬಾಯಲ್ಲಿ ಆಸೆ, ಎದುರಾಳಿಯ ಬಾಯಲ್ಲಿ ಚುಚ್ಚುಮಾತು. ಅಕ್ಷರ ಒಂದೂ ಬದಲಾಗುವುದಿಲ್ಲ.

ಹಿನ್ನೆಲೆ ಎಷ್ಟು ಹೇಳಬೇಕು ಎಂಬುದು ಇನ್ನೊಂದು ಪ್ರಶ್ನೆ. ನಾನು ಕೇಳಿದ ಮೇಲೆ ಮಾತ್ರ ಹೇಳುತ್ತೇನೆ. ಆ ಹುಡುಗಿ ಮರುದಿನ ಕೇಳಿದಳು: ಒಂದು ಬಾಯಿತಪ್ಪಿಗೆ ಇಷ್ಟೊಂದು ನಗುವುದೇಕೆ? ಆಗ ಹೇಳಲೇಬೇಕಾಯಿತು. ಐಪಿಎಲ್ ಶುರುವಾದ 2008ರಿಂದಲೂ ಈ ತಂಡ ಇದೆ. ಅಲ್ಲಿಯವರೆಗೆ ಫೈನಲ್ ತಲುಪಿದ್ದು ಮೂರು ಸಲ, ಮೂರು ಸಲವೂ ಸೋಲು. 2009ರಲ್ಲಿ ಡೆಕ್ಕನ್ ಚಾರ್ಜರ್ಸ್ ಎದುರು 6 ರನ್ನಿಂದ, 2011ರಲ್ಲಿ ಚೆನ್ನೈ ಎದುರು 58 ರನ್ನಿಂದ. 2016ರದ್ದು ಎಲ್ಲಕ್ಕಿಂತ ನೋವಿನದು. ಕೊಹ್ಲಿ ಆ ಒಂದೇ ಸೀಸನ್‌ನಲ್ಲಿ 973 ರನ್ ಹೊಡೆದಿದ್ದರು, ಫೈನಲ್ ನಮ್ಮ ಚಿನ್ನಸ್ವಾಮಿಯಲ್ಲೇ. ಹೈದರಾಬಾದ್ ಕೊಟ್ಟ 209ರ ಗುರಿಗೆ ಗೇಲ್ ಮತ್ತು ಕೊಹ್ಲಿ ಮೊದಲ ವಿಕೆಟ್‌ಗೇ 114 ಸೇರಿಸಿದರು. ಅಲ್ಲಿಂದ ಕೊನೆಗೆ 8 ರನ್ ಕಡಿಮೆ ಬಿತ್ತು. ಈ ಸೋಲುಗಳ ನಂತರವೂ ಪ್ರತಿ ಬೇಸಿಗೆಯಲ್ಲಿ ಜನ ಅದೇ ಭರವಸೆಯಲ್ಲಿ ‘ಈ ಸಲ’ ಅನ್ನುತ್ತಿದ್ದರು, ಸೋತ ಮೇಲೆ ‘ಮುಂದಿನ ಸಲ’ ಅನ್ನುತ್ತಿದ್ದರು. ಮ್ಯಾನೇಜರ್ ಬರೆದ Mundina sala pakka ಎಲ್ಲಿಂದ ಬಂತು ಎಂದು ಆಕೆಗೆ ಆಗ ಹೊಳೆಯಿತು. ಅದು ಅಭಿಮಾನಿಯೊಬ್ಬ ಇನ್ನೊಬ್ಬ ಅಭಿಮಾನಿಗೆ ಕೊಟ್ಟ ಉತ್ತರ. ರಿಲೀಸ್ ಮುಂದಕ್ಕೆ ಹಾಕಲು ಅವರು ಒಪ್ಪಿದರು ಎಂಬುದೂ ಅದರಲ್ಲೇ ಇತ್ತು. ಆ ವರ್ಷ ಆರ್‌ಸಿಬಿ ಪ್ಲೇ ಆಫ್ ಕೂಡ ತಲುಪಲಿಲ್ಲ.

ನನ್ನ ಮಟ್ಟಿಗೆ ಈ ಮೀಮ್‌ನ ಜೀವ ಇರುವುದು ‘ನಮ್ದೇ’ಯ ಕೊನೆಯ ‘ಏ’ಯಲ್ಲಿ. ತರಗತಿಯಲ್ಲಿ ಅದನ್ನು ಬೋರ್ಡ್ ಮೇಲೆ ಬರೆದು ತೋರಿಸುತ್ತೇನೆ. ‘ಕಪ್ ನಮ್ದು’ ಎಂದರೆ ಇರುವ ಸಂಗತಿ: ಕಪ್ ಇದೆ, ಅದು ನಮ್ಮದು. ‘ಕಪ್ ನಮ್ದೇ’ ಎಂದರೆ ಬೇರೆ ಯಾರದೂ ಅಲ್ಲ, ಅನುಮಾನವೇ ಬೇಡ ಎಂಬ ಒತ್ತು. ವಾಕ್ಯದಲ್ಲಿ ಕ್ರಿಯಾಪದ ಇಲ್ಲ, ಹಾಗಾಗಿ ಕಾಲವೂ ಇಲ್ಲ. ಇನ್ನೂ ಕೈಗೆ ಬಾರದ ಕಪ್ಪನ್ನು ಈಗಾಗಲೇ ಬಂದಂತೆ ಹೇಳಲು ಕನ್ನಡ ಎಷ್ಟು ಸಲೀಸಾಗಿ ಬಿಡುತ್ತದೆ ನೋಡಿ. ಹಿಂದಿಯ ‘ಹಮಾರಾ ಹೀ ಹೈ’ ಹತ್ತಿರ ಬರುತ್ತದೆ. ಇಂಗ್ಲಿಷಿನಲ್ಲಿ ಹೇಳಹೋದರೆ ಒಂದು ಪದ ಹೆಚ್ಚಿಗೆ ಸೇರಿಸಲೇಬೇಕು, ಆಗ ಘೋಷಣೆಯ ಬೀಸು ಹೋಗುತ್ತದೆ. ಈ ‘ಏ’ ಗೊತ್ತಿಲ್ಲದವರಿಗೆ ‘ನಹಿ’ ಬರೀ ತಪ್ಪು ಪದ. ಗೊತ್ತಿದ್ದವರಿಗೆ, ಅತಿ ಗಟ್ಟಿಯಾದ ಹೌದು ಇರಬೇಕಾದ ಜಾಗದಲ್ಲೇ ಇಲ್ಲ ಬಂದು ಕೂತಿದೆ.

2024ರ ಮಾರ್ಚ್‌ನಲ್ಲಿ ಆರ್‌ಸಿಬಿಯ ಮಹಿಳೆಯರ ತಂಡ ದೆಹಲಿಯನ್ನು 8 ವಿಕೆಟ್‌ಗಳಿಂದ ಸೋಲಿಸಿ ಡಬ್ಲ್ಯುಪಿಎಲ್ ಗೆದ್ದಿತು. ಅಂದು ಕ್ಯಾಪ್ಟನ್ ಸ್ಮೃತಿ ಮಂಧಾನ, ಅಭಿಮಾನಿಗಳು ಹೇಳುತ್ತಿದ್ದ ‘ನಮ್ದೇ’ ಈಗ ‘ನಮ್ದು’ ಆಯಿತು ಎಂದರು. ರಾತ್ರಿಯೇ ಲಖನೌ ಹುಡುಗಿಯಿಂದ ಆ ಮಾತಿನ ಸ್ಕ್ರೀನ್‌ಶಾಟ್ ಬಂತು. ಈ ಸಲ ಕೆಳಗೆ ಪ್ರಶ್ನೆ ಇರಲಿಲ್ಲ. “ಸರ್, ‘ಏ’ ಬಿಟ್ಟಿದ್ದಾರೆ, ಯಾಕೆಂದರೆ ಕಪ್ ಬಂದಾಯಿತು” ಎಂದು ಕನ್ನಡ ಅಕ್ಷರದಲ್ಲೇ ಬರೆದಿದ್ದಳು. ನನಗಾದ ಸಂತೋಷ ಹೇಳತೀರದು.

ಚಿತ್ರದ ಗಂಟೆ ನೋಡುವ ಅಭ್ಯಾಸ ಎಷ್ಟು ಮುಖ್ಯ ಎಂದು ತಿಳಿದದ್ದು ಮರುವರ್ಷ. 2025ರ ಜೂನ್ 3ರ ರಾತ್ರಿ ಅಹಮದಾಬಾದಿನಲ್ಲಿ ಪಂಜಾಬನ್ನು 6 ರನ್ನಿಂದ ಸೋಲಿಸಿ ಗಂಡಸರ ತಂಡವೂ ಕಪ್ ಎತ್ತಿತು. ಮರುದಿನ ಸಂಜೆ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ನೂಕುನುಗ್ಗಲಾಗಿ 11 ಜನ ತೀರಿಕೊಂಡರು. ಜೂನ್ 5ರ ಬೆಳಿಗ್ಗೆ ಹೊಸ ವಿದ್ಯಾರ್ಥಿಯೊಬ್ಬರು ಎರಡು ಸ್ಕ್ರೀನ್‌ಶಾಟ್ ಕಳಿಸಿದರು. ಎರಡರಲ್ಲೂ ‘ಈ ಸಲ ಕಪ್ ನಮ್ದು’ ಎಂದೇ ಇತ್ತು. “ಅರ್ಥ ಏನು ಸರ್? ಒಂದಕ್ಕೆ ಎಲ್ಲರೂ ಕುಣಿದಿದ್ದಾರೆ, ಇನ್ನೊಂದಕ್ಕೆ ಯಾರೂ ಉತ್ತರಿಸಿಲ್ಲ.”

ಮೊದಲನೆಯದರ ಮೂಲೆಯಲ್ಲಿ 11.52, ಗೆದ್ದ ರಾತ್ರಿಯದು. ಎರಡನೆಯದು ಜೂನ್ 4ರ ರಾತ್ರಿ 9.10ರದ್ದು. ಸಾಲಿನ ಕೆಳಗೆ ಕಪ್ಪು ಬಣ್ಣದ ಹೃದಯ ಇತ್ತು, ಅವರು ಅದನ್ನು ಗಮನಿಸಿರಲಿಲ್ಲ. ನಾನು ಬರೆದೆ: “ಮೊದಲನೆಯದು ಹದಿನೆಂಟು ವರ್ಷ ಕಾದವರ ಖುಷಿ. ಎರಡನೆಯದು ದುಃಖ, ಕಪ್ ಬಂತು ಆದರೆ ನೋಡಲು ಹೋದವರು ಮನೆಗೆ ಬರಲಿಲ್ಲ ಅಂತ. ಅದಕ್ಕೆ ನಗುವ ಮುಖ ಹಾಕಬೇಡಿ, ಹಾಕಿದ್ದರೆ ಈಗಲೇ ತೆಗೆಯಿರಿ.” ಹಾಕಿದ್ದರಂತೆ. ತೆಗೆದು, ಕೈಮುಗಿಯುವ ಚಿಹ್ನೆ ಇಟ್ಟು ನನಗೆ ತಿಳಿಸಿದರು.