ಅಜ್ಜಿಯ ಮಾತ್ರೆ ಡಬ್ಬಿ ಎರಡು ಸಲ ಕೂಗಿದ ದಿನ

ನಮ್ಮ ಅಜ್ಜಿಗೆ 82 ವರ್ಷ. ಬೆಳಿಗ್ಗೆ 8ಕ್ಕೆ ಬಿಪಿ ಮಾತ್ರೆ, ರಾತ್ರಿ 8ಕ್ಕೆ ಇನ್ನೊಂದು. ಸಾಗರದ ಹತ್ತಿರ ಚಿಕ್ಕಪ್ಪನ ಮನೆಯಲ್ಲಿ ಇದ್ದಾರೆ. ಆಗಾಗ ಮಾತ್ರೆ ಮರೀತಾರೆ ಅಂತ ಚಿಕ್ಕಮ್ಮ ಹೇಳಿದಾಗ ನಾನೇ ಒಂದು ಡಬ್ಬಿ ಮಾಡಿದೆ. ಪ್ರೋಗ್ರಾಮ್ ಓಡಿಸಲು ಆರ್ಡುಇನೊ ನ್ಯಾನೊ ಎಂಬ ಪುಟ್ಟ ಬೋರ್ಡು, ಸಮಯಕ್ಕೆ DS3231 ಗಡಿಯಾರದ ಬೋರ್ಡು, ಒಂದು ಬಝರ್, ಒಂದು ಎಲ್‌ಇಡಿ. ಮೊಬೈಲ್ ಚಾರ್ಜರ್‌ನಿಂದ ಕರೆಂಟು. ಎಲ್ಲ ಸೇರಿ 800 ರೂಪಾಯಿ ಒಳಗೇ ಆಯಿತು.

ಮೂರು ವಾರ ಚೆನ್ನಾಗಿ ನಡೆಯಿತು. ಒಂದು ಮಳೆಯ ದಿನ ಬೆಳಿಗ್ಗೆ 8ಕ್ಕೆ ಡಬ್ಬಿ ಕೂಗಿತು, ಅಜ್ಜಿ ಮಾತ್ರೆ ತಗೊಂಡರು. ಅಷ್ಟರಲ್ಲಿ ಕರೆಂಟು ಹೋಯಿತು. ಅರ್ಧ ಗಂಟೆ ಬಿಟ್ಟು ಬಂತು. ಡಬ್ಬಿ ಮತ್ತೆ ಕೂಗಿತು. ಅಜ್ಜಿ ಮತ್ತೆ ತಗೊಂಡರು. "ಅದು ಕೂಗಿತಲ್ಲೋ, ಅದಕ್ಕೇ ತಗೊಂಡೆ" ಅಂದರು. ಡಾಕ್ಟರಿಗೆ ಫೋನ್ ಮಾಡಿದೆವು. ಅವರು ಹೇಳಿದಂತೆ ಸಂಜೆವರೆಗೂ ಮಲಗಿಸಿ, ಗಂಟೆಗೊಮ್ಮೆ ಬಿಪಿ ನೋಡಿದೆವು. ಪುಣ್ಯಕ್ಕೆ ಏನೂ ಆಗಲಿಲ್ಲ. ಆದರೆ ಅವತ್ತು ನನಗೆ ಊಟ ಸೇರಲಿಲ್ಲ.

ತಪ್ಪು ನನ್ನ ಪ್ರೋಗ್ರಾಮಿನಲ್ಲೇ ಇತ್ತು. "ಇವತ್ತಿನದು ಆಯಿತು" ಎಂಬುದನ್ನು ಒಂದು ಸಾಮಾನ್ಯ ವೇರಿಯಬಲ್‌ನಲ್ಲಿ ಇಟ್ಟಿದ್ದೆ. ಕರೆಂಟು ಹೋದರೆ ಅದು ಅಳಿಸಿಹೋಗುತ್ತದೆ. ಗಡಿಯಾರಕ್ಕೆ ಸೆಲ್ ಇರುವುದರಿಂದ ಸಮಯ ಮಾತ್ರ ಸರಿಯಾಗೇ ಇತ್ತು. ಹಾಗಾಗಿ ಡಬ್ಬಿ ತನಗೆ ತಿಳಿದಂತೆ ಸರಿಯಾಗೇ ಕೂಗಿತ್ತು. ಈಗ ತಾರೀಖನ್ನು ನ್ಯಾನೊ ಒಳಗಿನ EEPROMನಲ್ಲಿ ಬರೆದಿಡುತ್ತೇನೆ. ಅದು ಕರೆಂಟು ಹೋದರೂ ಉಳಿಯುತ್ತದೆ.

```
if (rtc.lostPower()) redLamp();
else if (inWindow(slot) &&
         EEPROM.read(slot) != now.day()) ring();
```

ಮೊದಲ ಸಾಲು ಗಡಿಯಾರದ ಸೆಲ್ಲೇ ಮುಗಿದಾಗ ಬೇಕು. ಆಗ ಸಮಯವನ್ನು ನಂಬುವ ಹಾಗಿಲ್ಲ. ತಪ್ಪು ಹೊತ್ತಿಗೆ ಕೂಗುವುದಕ್ಕಿಂತ ಸುಮ್ನೆ ಕೆಂಪು ದೀಪ ಹಚ್ಚಿಕೊಂಡು ಕೂರುವುದೇ ಒಳ್ಳೆಯದು. ಹಾಗೇ, 8ರಿಂದ 10ರವರೆಗೆ ಮಾತ್ರ ಕೂಗುತ್ತದೆ. ಆ ಎರಡು ಗಂಟೆ ಡಾಕ್ಟರನ್ನು ಕೇಳಿ ಇಟ್ಟದ್ದು. ಅದು ಮೀರಿದರೆ ಕೆಂಪು ದೀಪ. ಕೆಂಪು ಕಂಡರೆ ಚಿಕ್ಕಮ್ಮನನ್ನು ಕೇಳಬೇಕು, ತಾವೇ ಮಾತ್ರೆ ತಗೋಬಾರದು ಅಂತ ಅಜ್ಜಿಗೆ ಹೇಳಿಕೊಟ್ಟಿದ್ದೇವೆ.

ಆದರೆ "ಆಯಿತು" ಅಂತ ಡಬ್ಬಿಗೆ ಗೊತ್ತಾಗುವುದು ಹೇಗೆ? ಮೊದಲು ಒಂದು ಬಟನ್ ಇಟ್ಟಿದ್ದೆ. ಅಜ್ಜಿ ಸದ್ದು ನಿಲ್ಲಿಸಲು ಅದನ್ನು ಒತ್ತಿ, ಹಾಲು ಉಕ್ಕುತ್ತಿದೆ ಅಂತ ಒಳಗೆ ಹೋಗಿಬಿಡುತ್ತಿದ್ದರು. ಈಗ ಬಟನ್ ಇಲ್ಲ. ಮುಚ್ಚಳದಲ್ಲಿ ಸಣ್ಣ ಅಯಸ್ಕಾಂತ, ಡಬ್ಬಿಯ ಅಂಚಿನಲ್ಲಿ ಅಯಸ್ಕಾಂತ ಹತ್ತಿರ ಬಂದಾಗ ಕೂಡಿಕೊಳ್ಳುವ ರೀಡ್ ಸ್ವಿಚ್. ಮುಚ್ಚಳ ತೆಗೆದು ಮುಚ್ಚಿದರೆ ಮಾತ್ರ ಸದ್ದು ನಿಲ್ಲುತ್ತದೆ. ಇಲ್ಲೂ ಒಂದು ಅಪಾಯ ಇದೆ. ಸ್ವಿಚ್ಚಿನ ವೈರು ಕಿತ್ತುಬಂದರೆ ನ್ಯಾನೊಗೆ "ಮುಚ್ಚಳ ತೆರೆದಿದೆ" ಅಂತಲೇ ಕಾಣುತ್ತದೆ. ಅದಕ್ಕೇ ಬರೀ ತೆರೆದದ್ದನ್ನು ಲೆಕ್ಕಕ್ಕೆ ತಗೊಳ್ಳುವುದಿಲ್ಲ. ಒಂದು ನಿಮಿಷದೊಳಗೆ ಮತ್ತೆ ಮುಚ್ಚದಿದ್ದರೆ ಕೆಂಪು ದೀಪ.

ಮುಚ್ಚಳ ತೆಗೆದರು ಅಂದರೆ ನುಂಗಿದರು ಅಂತಲ್ಲ, ಅಲ್ವಾ? ಅದನ್ನು ಯಾವ ಸ್ವಿಚ್ಚೂ ಹೇಳುವುದಿಲ್ಲ. ಹಾಗಾಗಿ ದೊಡ್ಡ ಬದಲಾವಣೆ ಎಲೆಕ್ಟ್ರಾನಿಕ್ಸಿನದ್ದಲ್ಲ. ಮೊದಲು ಡಬ್ಬಿಯೊಳಗೆ ಮಾತ್ರೆಯ ಇಡೀ ಸ್ಟ್ರಿಪ್ ಇರುತ್ತಿತ್ತು. ಈಗ ಬೆಳಿಗ್ಗೆಗೊಂದು, ರಾತ್ರಿಗೊಂದು ಖಾನೆ, ಒಂದೊಂದರಲ್ಲಿ ಒಂದೇ ಹೊತ್ತಿನ ಮಾತ್ರೆ. ಸ್ಟ್ರಿಪ್‌ಗಳು ಚಿಕ್ಕಮ್ಮನ ಬೀರುವಿನಲ್ಲಿವೆ. ಡಬ್ಬಿ ನೂರು ಸಲ ಕೂಗಿದರೂ ಅದೇ ಹೊತ್ತಿನ ಎರಡನೇ ಮಾತ್ರೆ ಕೈಗೆ ಸಿಗುವುದಿಲ್ಲ. ನುಂಗದೇ ಬಿಟ್ಟರೆ ಖಾನೆಯಲ್ಲೇ ಕಾಣುತ್ತದೆ. ಆದರೆ ಸ್ಟ್ರಿಪ್ಪನ್ನು ಕತ್ತರಿಸಿ ಚೂರಿನ ಸಮೇತ ಹಾಕಬೇಡಿ. ಕಣ್ಣು ಮಂಜಾದವರು ಚೂಪಾದ ಆ ಹಾಳೆಯ ಸಮೇತ ನುಂಗಿದ್ದುಂಟು, ಅನ್ನನಾಳ ಕೊಯ್ದುಬಿಡುತ್ತದೆ. ಕೆಲವು ಮಾತ್ರೆಗಳನ್ನು ತೇವ ತಾಗದಂತೆ ಸ್ಟ್ರಿಪ್‌ನಲ್ಲೇ ಇಡಬೇಕು. ಯಾವುದು ಬಿಚ್ಚಿಡಬಹುದು ಅಂತ ಮೆಡಿಕಲ್ ಶಾಪಿನವರನ್ನು ಕೇಳಿಯೇ ಇಡಿ.

ಬಝರ್ ಕೂಡ ಬದಲಾಯಿಸಿದೆ. ವಯಸ್ಸಾದಂತೆ ಕೀರಲು ಸದ್ದು ಮೊದಲು ಕೇಳಿಸದಾಗುತ್ತದೆ. ಅಗ್ಗದ ಬಝರ್ ಕೀರಲಾಗೇ ಕೂಗುವುದು. ಈಗ ಒಂದು ಪುಟ್ಟ ಸ್ಪೀಕರಿಗೆ ಟ್ರಾನ್ಸಿಸ್ಟರ್ ಮೂಲಕ 520 ಹರ್ಟ್ಸ್ ಸದ್ದು ಕೊಡುತ್ತೇನೆ. ಅಜ್ಜಿಗೆ ಹಿತ್ತಲವರೆಗೂ ಕೇಳಿಸುತ್ತದೆ.

ಇನ್ನೊಂದು ವಿಷಯ. ಅಗ್ಗದ ನೀಲಿ DS3231 ಬೋರ್ಡಿನಲ್ಲಿ (ಮೇಲೆ ZS-042 ಅಂತ ಬರೆದಿರುತ್ತದೆ) ಸೆಲ್ ಚಾರ್ಜ್ ಮಾಡುವ ಸರ್ಕೀಟು ಇದೆ. ನಾವು ಹಾಕುವ CR2032 ಚಾರ್ಜ್ ಆಗುವ ಸೆಲ್ ಅಲ್ಲ. 5 ವೋಲ್ಟಿನಲ್ಲಿ ಹಾಗೇ ಬಿಟ್ಟರೆ ಉಬ್ಬಬಹುದು, ಸೋರಬಹುದು. ಆ ದಾರಿಯಲ್ಲಿರುವ ಡಯೋಡನ್ನು ಸೋಲ್ಡರ್ ಬಿಡಿಸಿ ತೆಗೆದೆ. ಮನೆಯಲ್ಲಿ ಮೊಮ್ಮಕ್ಕಳಿದ್ದಾರೆ. ಬಟನ್ ಸೆಲ್ ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಟ್ಟುಹೋಗಬಹುದು. ಆ ಭಾಗಕ್ಕೆ ಸ್ಕ್ರೂ ಹಾಕಿ ಮುಚ್ಚಿದ್ದೇನೆ.

ಹೊಸ ಡಬ್ಬಿಯಲ್ಲಿ ಒಂದು ವಾರ ಮಾತ್ರೆ ಹಾಕಲಿಲ್ಲ, ಪೆಪ್ಪರ್‌ಮಿಂಟ್ ಹಾಕಿದೆವು. ಕೂಗುವಾಗ, ಕೂಗಿ ನಿಂತಮೇಲೆ, ಮುಚ್ಚಳ ತೆರೆದಿರುವಾಗ, ಹೀಗೆ 20 ಸಲ ಪ್ಲಗ್ ಕಿತ್ತು ನೋಡಿದೆ. ಮುಚ್ಚಳ ತೆರೆದಿರುವಾಗ ಕಿತ್ತದ್ದರಲ್ಲಿ ಒಂದು ಸಲ ಮತ್ತೆ ಕೂಗಿತು. ಮುಚ್ಚಿದ ಮೇಲಷ್ಟೇ ತಾರೀಖು ಬರೆಯುವುದರಿಂದ ಅದು ಹಾಗೇ ಆಗುತ್ತದೆ. ಖಾನೆ ಖಾಲಿ ಇದ್ದದ್ದನ್ನು ನೋಡಿ ಅಜ್ಜಿ ಮುಚ್ಚಳ ಮುಚ್ಚಿದರು.