ಬಾಡಿಗೆ ಕರಾರಿನ ಷರತ್ತು ಚಿಕ್ಕದಾಗಿಸುವಾಗ ಕ್ರಿಯಾಪದವನ್ನು ಉಳಿಸಿ

ಬೆಂಗಳೂರಿನಲ್ಲಿ ಮನೆ ಹುಡುಕುತ್ತಿರುವವರು ಕರಾರಿನ ಸಾರಾಂಶವನ್ನು ವಾಟ್ಸ್ಆ್ಯಪ್‌ನಲ್ಲಿ ಕಳಿಸುವ ಮುನ್ನ ಇದನ್ನು ದಯವಿಟ್ಟು ಗಮನಿಸಿ. ಮೂಲದಲ್ಲಿ ಹೀಗಿದೆ ಎಂದುಕೊಳ್ಳಿ:

“ಬಾಡಿಗೆದಾರರು ಮನೆ ಖಾಲಿ ಮಾಡುವ ಎರಡು ತಿಂಗಳು ಮೊದಲು ಲಿಖಿತ ನೋಟಿಸ್ ನೀಡತಕ್ಕದ್ದು. ಹಾಗೆ ನೀಡಲು ತಪ್ಪಿದ ಪಕ್ಷದಲ್ಲಿ ಮಾಲೀಕರು ಎರಡು ತಿಂಗಳ ಬಾಡಿಗೆಯನ್ನು ಮುಂಗಡ ಹಣದಿಂದ ಮುರಿದುಕೊಳ್ಳಬಹುದು. ಬಣ್ಣದ ಖರ್ಚಿನ ಹೊರತು ಬೇರೆ ಯಾವ ಮೊತ್ತವನ್ನೂ ಮುರಿದುಕೊಳ್ಳಕೂಡದು.”

ಇದನ್ನು ಸಾಮಾನ್ಯವಾಗಿ “ಎರಡು ತಿಂಗಳ ನೋಟಿಸ್, ಇಲ್ಲದಿದ್ದರೆ ಬಾಡಿಗೆ ಕಡಿತ, ಬಣ್ಣದ ಖರ್ಚು ಪ್ರತ್ಯೇಕ” ಎಂದು ಬರೆಯುತ್ತಾರೆ. ಕ್ರಿಯಾಪದ ಬಿದ್ದುಹೋದೊಡನೆ ಮಾಲೀಕರ ವಿವೇಚನೆ ಕಡ್ಡಾಯದಂತೆ ಕಾಣುತ್ತದೆ, ನಿಷೇಧವಂತೂ ಪೂರ್ತಿ ಮಾಯ. ಬಾಡಿಗೆದಾರರನ್ನು ಕಾಯುತ್ತಿದ್ದುದೇ ಆ ಕೊನೆಯ ವಾಕ್ಯ!

ನಾನು ಹೀಗೆ ಬರೆಯುತ್ತೇನೆ: “ಬಾಡಿಗೆದಾರರು ಎರಡು ತಿಂಗಳು ಮೊದಲೇ ಲಿಖಿತ ನೋಟಿಸ್ ನೀಡಲೇಬೇಕು. ನೀಡದಿದ್ದರೆ ಮಾಲೀಕರು ಮುಂಗಡದಿಂದ ಎರಡು ತಿಂಗಳ ಬಾಡಿಗೆ ಮುರಿದುಕೊಳ್ಳಬಹುದು. ಇದನ್ನೂ ಬಣ್ಣದ ಖರ್ಚನ್ನೂ ಬಿಟ್ಟು ಬೇರೇನನ್ನೂ ಮುರಿದುಕೊಳ್ಳಕೂಡದು.”

“ಕೂಡದು” ಇದ್ದಲ್ಲಿ “ಬೇಕಿಲ್ಲ” ಎಂದು ಮೆತ್ತಗೆ ಮಾಡಬೇಡಿ. “ಮುರಿದುಕೊಳ್ಳಬೇಕಿಲ್ಲ” ಎಂದರೆ ಮನಸ್ಸಾದರೆ ಮುರಿದುಕೊಳ್ಳಲು ದಾರಿ ತೆರೆದಂತೆಯೇ. ಸಾರಾಂಶ ಮುಗಿದ ಮೇಲೆ ಮೂಲದಲ್ಲೂ ಸಾರಾಂಶದಲ್ಲೂ ಪ್ರತಿ ಕ್ರಿಯಾಪದಕ್ಕೂ ಅದರ ಕರ್ತೃವಿಗೂ ಗೆರೆ ಎಳೆದು, ಒಂದಕ್ಕೊಂದು ಹೊಂದುತ್ತವೆಯೇ ನೋಡಿ. ಸಹಿ ಮಾತ್ರ ಮೂಲ ಕರಾರನ್ನು ಓದಿಯೇ ಹಾಕಿ.