ಸರಾಸರಿ 60 ಇದ್ದರೂ ಹೊಸ ಗೇಮ್ ತಡವರಿಸುವುದೇಕೆ

ಪರದೆಯ ಮೂಲೆಯಲ್ಲಿ ಎಫ್‌ಪಿಎಸ್, ಅಂದರೆ ಸೆಕೆಂಡಿಗೆ ಮೂಡುವ ಫ್ರೇಮುಗಳ ಲೆಕ್ಕ, 60ರ ಆಸುಪಾಸಿನಲ್ಲೇ ಇರುತ್ತದೆ. ಆದರೂ ಮೊದಲ ಸಲ ಗುಂಡು ಹಾರಿಸಿದಾಗ, ಹೊಸ ಬಾಗಿಲು ತೆರೆದಾಗ ಚಿತ್ರ ಗಕ್ಕನೆ ನಿಲ್ಲುತ್ತದೆ. ಮಡಿಕೇರಿಯಲ್ಲಿ ನನ್ನ ಹತ್ತಿರ ಈ ದೂರು ತರುವವರು ಗ್ರಾಫಿಕ್ಸ್ ಕಾರ್ಡ್ ಬದಲಿಸಲು ಹೊರಟಿರುತ್ತಾರೆ. ಮೊದಲು ಈ ಲೆಕ್ಕ ನೋಡಿ ಅನ್ನುತ್ತೇನೆ.

60 ಎಫ್‌ಪಿಎಸ್‌ನಲ್ಲಿ ಒಂದು ಫ್ರೇಮಿಗೆ 16.7 ಮಿಲಿಸೆಕೆಂಡ್. ಒಂದು ನಿಮಿಷದಲ್ಲಿ 10 ಫ್ರೇಮುಗಳು ತಲಾ 150 ಮಿಲಿಸೆಕೆಂಡ್ ತಿಂದವು ಎನ್ನಿ. ಹೋದದ್ದು ಒಟ್ಟು ಒಂದೂವರೆ ಸೆಕೆಂಡ್. ಉಳಿದ 58.5 ಸೆಕೆಂಡಿನಲ್ಲಿ ಸುಮಾರು 3510 ಫ್ರೇಮ್ ಬರುತ್ತವೆ, ಹಾಗಾಗಿ ಸರಾಸರಿ 58.7. ಕೈಗೆ ಹತ್ತು ಏಟು ಬಿದ್ದರೂ ಅಂಕಿಗೆ ಗೊತ್ತೇ ಆಗಲಿಲ್ಲ. ಆ ಹತ್ತು ಫ್ರೇಮ್ ಒಟ್ಟಿನಲ್ಲಿ ಶೇ. 0.3 ಮಾತ್ರ, ಹಾಗಾಗಿ ಶೇ. 99 ಫ್ರೇಮುಗಳು ಎಷ್ಟು ಹೊತ್ತಿನೊಳಗೆ ಮುಗಿದವು ಎಂದು ಹೇಳುವ 99ನೇ ಪರ್ಸೆಂಟೈಲ್ ಕೂಡ 16.7 ಎಂದೇ ತೋರಿಸುತ್ತದೆ! ನಂಬಬೇಕಾದದ್ದು ಒಂದೊಂದು ಫ್ರೇಮಿಗೂ ಹಿಡಿದ ಹೊತ್ತನ್ನು ತೋರಿಸುವ ಫ್ರೇಮ್‌ಟೈಮ್ ಗೆರೆಯನ್ನು.

ಕಾರಣ ಇದು. ಪಿಸಿಯಲ್ಲಿ ಯಾವ ಕಾರ್ಡ್ ಇರುತ್ತದೋ ಗೇಮ್ ಮಾಡಿದವರಿಗೆ ಗೊತ್ತಿರುವುದಿಲ್ಲ. ಬೆಳಕು, ಬಣ್ಣ ಹೇಗೆ ಬಿಡಿಸಬೇಕೆಂದು ಕಾರ್ಡಿಗೆ ಹೇಳುವ ಚಿಕ್ಕ ಪ್ರೋಗ್ರಾಮ್‌ಗಳಾದ ಶೇಡರ್‌ಗಳು ಅರ್ಧ ಬೆಂದ ರೂಪದಲ್ಲಿ ಬರುತ್ತವೆ, ನಿಮ್ಮ ಕಾರ್ಡಿಗೆ ಬೇಕಾದ ಕೋಡನ್ನು ಡ್ರೈವರ್ ತಯಾರಿಸುತ್ತದೆ. ಆ ಕೆಲಸ ಸಿಪಿಯುವಿನದು. ಆಟದ ನಡುವೆ ಬೇಕಾಯಿತೋ, ಮುಗಿಯುವವರೆಗೆ ಫ್ರೇಮ್ ಕಾಯುತ್ತದೆ. ಒಮ್ಮೆ ತಯಾರಾದ ಕೋಡ್ ಡಿಸ್ಕಿನಲ್ಲಿ ಕ್ಯಾಶ್ ಆಗಿ ಉಳಿಯುತ್ತದೆ, ಮುಂದಿನ ಸಲ ಕಾಯಬೇಕಿಲ್ಲ. ರೆಸಲ್ಯೂಷನ್ ಇಳಿಸಿದರೂ ಉಪಯೋಗವಿಲ್ಲದಿರುವುದು ಇದಕ್ಕೇ. ಕನ್ಸೋಲಿನಲ್ಲಿ ಹಾರ್ಡ್‌ವೇರ್ ಒಂದೇ ಆದ್ದರಿಂದ ಕೋಡ್ ಮೊದಲೇ ಸಿದ್ಧವಿರುತ್ತದೆ.

ಖಚಿತಪಡಿಸಿಕೊಳ್ಳಲು ಫ್ರೇಮ್‌ಟೈಮ್ ದಾಖಲಿಸುವ ಕ್ಯಾಪ್‌ಫ್ರೇಮ್‌ಎಕ್ಸ್ ಹಾಕಿ, ಒಂದೇ ಸೇವ್‌ನಿಂದ ಒಂದೇ ದಾರಿಯಲ್ಲಿ ಎರಡು ನಿಮಿಷ ಓಡಿ ರೆಕಾರ್ಡ್ ಮಾಡುತ್ತೇನೆ. ಗೇಮ್ ಪೂರ್ತಿ ಮುಚ್ಚಿ, ಅದನ್ನೇ ಮತ್ತೊಮ್ಮೆ. ಮೊದಲ ಓಟದ ಗೆರೆಯಲ್ಲಿ ಚೂಪಾಗಿ ಎದ್ದ ಮೊಳೆಗಳು ಎರಡನೆಯದರಲ್ಲಿ ಮಾಯವಾದರೆ ಹೆಚ್ಚಾಗಿ ಶೇಡರ್‌ನದೇ ಕಾಟ. ಅದೇ ಜಾಗದಲ್ಲಿ ಮತ್ತೆ ಎದ್ದರೆ ಹೆಚ್ಚಾಗಿ ಅದು ಡಿಸ್ಕಿನಿಂದ ಮುಂದಿನ ಪ್ರದೇಶ ಎಳೆದು ತರುವ ತೊಡಕು, ಕೆಳಗಿನ ಉಪಾಯ ಅದಕ್ಕೆ ನಾಟುವುದಿಲ್ಲ. ಮೊದಲ ಓಟವನ್ನೇ ಮತ್ತೆ ಅಳೆಯಬೇಕಿದ್ದರೆ Disk Cleanupನಲ್ಲಿ DirectX Shader Cache ಗುರುತು ಮಾಡಿ ಅಳಿಸಬೇಕು. ಎನ್ವಿಡಿಯಾ ಕಾರ್ಡಾದರೆ ಡ್ರೈವರ್‌ನ ಸ್ವಂತ DXCache ಫೋಲ್ಡರ್ ಕೂಡ ಖಾಲಿ ಮಾಡಬೇಕು. ದಿನನಿತ್ಯ ಮಾತ್ರ ಇದನ್ನು ಮುಟ್ಟಬೇಡಿ. 'ಕ್ಲೀನ್' ಮಾಡುವ ಹುಚ್ಚಿನಿಂದಲೇ ಎಷ್ಟೋ ಜನ ಪ್ರತಿ ವಾರ ಹೊಸದಾಗಿ ತಡವರಿಕೆ ತಂದುಕೊಳ್ಳುತ್ತಾರೆ.

ಎನ್ವಿಡಿಯಾ ಕಂಟ್ರೋಲ್ ಪ್ಯಾನೆಲಿನಲ್ಲಿ Shader Cache Size ಅನ್ನು 10 ಜಿಬಿಗೆ ಏರಿಸುತ್ತೇನೆ. ಹಲವು ದೊಡ್ಡ ಗೇಮ್‌ಗಳಿದ್ದಾಗ ಜಾಗ ಸಾಲದೆ ಹಳೆಯದು ಅಳಿಸಿಹೋಗುವುದು ಇದರಿಂದ ತಪ್ಪುತ್ತದೆ. ಗೇಮ್ ಶುರುವಾದಾಗ ಶೇಡರ್ ತಯಾರಿಯ ಪರದೆ ಬಂದರೆ ದಾಟಿಸದೆ ಕಾಯಬೇಕು. ಆಗ ಸಿಪಿಯುವಿನ ಎಲ್ಲ ಕೋರ್‌ಗಳೂ ದುಡಿಯುತ್ತವೆ. ಆಷಾಢದ ಮಳೆಗೆ ಕರೆಂಟ್ ಹೋಗಿ ಚಿಕ್ಕ ಯುಪಿಎಸ್ ಮೇಲೆ ನಿಂತ ಯಂತ್ರದಲ್ಲಿ ಇದನ್ನು ಶುರು ಮಾಡಬೇಡಿ, ಲ್ಯಾಪ್‌ಟಾಪಾದರೆ ಚಾರ್ಜರ್ ಹಾಕಿಯೇ ಮಾಡಿ.

ಡ್ರೈವರ್ ಅಪ್‌ಡೇಟ್ ಆದ ಮೇಲೆ ಹಳೆಯ ಕ್ಯಾಶ್ ಸಾಮಾನ್ಯವಾಗಿ ಕೆಲಸಕ್ಕೆ ಬರುವುದಿಲ್ಲ, ಮೊದಲ ಓಟ ಮತ್ತೆ ಒರಟಾಗಿರುತ್ತದೆ. ಸಂಜೆ ಗೆಳೆಯರೊಂದಿಗೆ ಆಡುವುದಿದ್ದರೆ ಅಪ್‌ಡೇಟನ್ನು ಹಿಂದಿನ ದಿನವೇ ಮುಗಿಸಿ, ಒಂದು ಸುತ್ತು ಒಬ್ಬರೇ ಆಡಿ ಇಡಿ.